ತಜ್ಞ ವರದಿಯ ಪರಿಷ್ಕೃತ ಸಾರಾಂಶ: ಮಲ್ಪೆ ಸಮೀಪದ ಮನೆಯ ಸ್ಲ್ಯಾಬ್ ಮತ್ತು ಬಾಲ್ಕನಿ

ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಉಡುಪಿ
ವಾದಿ: ಮನೆಯ ಮಾಲೀಕರು. ಪ್ರತಿವಾದಿ: ಕಟ್ಟಡ ಗುತ್ತಿಗೆದಾರರು.
ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 10ಎ ಅಡಿ ನೇಮಕಗೊಂಡ ತಜ್ಞರ ವರದಿಗೆ ಸೇರಿದ್ದು

ಈ ಸಾರಾಂಶ ಯಾಕೆ

ನನ್ನ ವರದಿ 64 ಪುಟಗಳದ್ದು. ಅದರ ಸಾರಾಂಶವನ್ನು ಎಂಜಿನಿಯರ್ ಅಲ್ಲದವರಿಗೂ ತಿಳಿಯುವ ಹಾಗೆ, ಯಾವ ಮಾತು ಎಷ್ಟು ಗಟ್ಟಿ ಎಂಬುದನ್ನೂ ಹೇಳಿ ಮತ್ತೆ ಬರೆಯಲು ಮಾನ್ಯ ನ್ಯಾಯಾಲಯ ಸೂಚಿಸಿದೆ. ಹೊಸ ಪರೀಕ್ಷೆ ಯಾವುದನ್ನೂ ಮಾಡಿಲ್ಲ. ಯಾವ ಅಂಕಿಯನ್ನೂ ಬದಲಿಸಿಲ್ಲ.

ಪ್ರತಿ ಉತ್ತರದ ಜೊತೆ ನಾಲ್ಕರಲ್ಲಿ ಒಂದು ಮಾತು ಬರುತ್ತದೆ. ಖಚಿತ ಅಂದರೆ ನೇರವಾಗಿ ನೋಡಿದ್ದು ಅಥವಾ ಅಳೆದದ್ದು, ಬೇರೆ ಅರ್ಥಕ್ಕೆ ಜಾಗವಿಲ್ಲದ್ದು. ಬಲವಾದ ಅಭಿಪ್ರಾಯ ಅಂದರೆ ಬೇರೆ ಕಾರಣಗಳನ್ನೂ ಪರಿಶೀಲಿಸಿದ್ದೇನೆ, ಅವು ಅಳತೆಗಳಿಗೆ ಹೊಂದುವುದಿಲ್ಲ. ಹೆಚ್ಚು ಸಂಭವ ಅಂದರೆ ಸಾಕ್ಷ್ಯ ಆ ಕಡೆ ವಾಲಿದೆ, ಆದರೆ ಬೇರೆ ಸಾಧ್ಯತೆ ಉಳಿದಿದೆ. ಹೇಳಲಾರೆ ಅಂದರೆ ಈ ಪರೀಕ್ಷೆಗಳಿಂದ ಉತ್ತರ ಸಿಗುವುದಿಲ್ಲ. ಇವು ಎಂಜಿನಿಯರಿನ ಅಳತೆಗೋಲು ಮಾತ್ರ. ಕಾನೂನಿನಲ್ಲಿ ಯಾವುದು ಸಾಬೀತಾಯಿತು ಎಂಬುದು ನ್ಯಾಯಾಲಯದ ತೀರ್ಮಾನ.

ಮನೆ ಮತ್ತು ವಿವಾದ

ಮನೆ ಕಡಲ ದಂಡೆಯಿಂದ ಸುಮಾರು 300 ಮೀಟರ್ ದೂರದಲ್ಲಿದೆ. ಕೆಲಸ ಮುಗಿದದ್ದು 2016ರ ಮೇ ತಿಂಗಳಲ್ಲಿ. ನಾನು ಪರೀಕ್ಷೆ ಮಾಡಿದ್ದು 2023ರ ನವೆಂಬರಿನಲ್ಲಿ. ಹಾಲ್‌ನ ಮೇಲಿನ ಸ್ಲ್ಯಾಬ್, ಮೆಟ್ಟಿಲು ಕೋಣೆಯ ಸ್ಲ್ಯಾಬ್ ಮತ್ತು ಕಡಲ ಕಡೆಯ ಬಾಲ್ಕನಿಯಲ್ಲಿ ಕಾಂಕ್ರೀಟ್ ಬಿರಿದು, ಕೆಲವು ಕಡೆ ಉದುರಿ, ಕಂಬಿ ಕಾಣುತ್ತಿದೆ. ಗುತ್ತಿಗೆದಾರರು ಉಪ್ಪು ಹೊಯ್ಗೆ ಬಳಸಿದ್ದಾರೆ ಎಂಬುದು ವಾದಿಯ ದೂರು. ಕಡಲ ಗಾಳಿ ಮತ್ತು ನಿರ್ವಹಣೆ ಇಲ್ಲದ್ದೇ ಕಾರಣ ಎಂಬುದು ಪ್ರತಿವಾದಿಯ ಉತ್ತರ.

ಪ್ರಶ್ನೆ 1: ಕಂಬಿಗೆ ತುಕ್ಕು ಹಿಡಿದಿದೆಯೇ?

ಹಿಡಿದಿದೆ. ಖಚಿತ.

ಐದು ಕಡೆ ಕಾಂಕ್ರೀಟ್ ಒಡೆದು ನೋಡಿದೆವು. ಎರಡೂ ಕಡೆಯ ವಕೀಲರು ಸ್ಥಳದಲ್ಲಿದ್ದರು. ಐದೂ ಕಡೆ ತುಕ್ಕು ಇತ್ತು. ತುಕ್ಕು ಉಜ್ಜಿ ಅಳೆದಾಗ, 10 ಮಿಲಿಮೀಟರ್ ಇರಬೇಕಾದ ಕಂಬಿ 8.9ರಿಂದ 9.4 ಮಿಲಿಮೀಟರ್ ಉಳಿದಿತ್ತು. ಕಂಬಿಯ ಅಡ್ಡಕೊಯ್ತದ ಲೆಕ್ಕದಲ್ಲಿ ಇದು ಶೇಕಡಾ 12ರಿಂದ 21ರಷ್ಟು ನಷ್ಟ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಬಿರುಕು ಜಾಸ್ತಿ ಇದ್ದ ಜಾಗಗಳನ್ನೇ ನಾವು ಒಡೆದದ್ದು. ಹಾಗಾಗಿ ಈ ನಷ್ಟವನ್ನು ಇಡೀ ಸ್ಲ್ಯಾಬಿಗೆ ಅನ್ವಯಿಸಬಾರದು. ಉಳಿದ ಭಾಗ ಹೇಗಿದೆ ಎಂದು ನೋಡಲು ಹಾಲ್ ಸ್ಲ್ಯಾಬಿನಲ್ಲಿ 48 ಬಿಂದುಗಳಲ್ಲಿ ಹಾಫ್-ಸೆಲ್ ಪರೀಕ್ಷೆ ಮಾಡಿದೆ. ಕಂಬಿಯಲ್ಲಿ ತುಕ್ಕು ಹಿಡಿಯುವ ಕ್ರಿಯೆ ನಡೆಯುತ್ತಿದೆಯೇ ಎಂಬುದನ್ನು ಇದು ವಿದ್ಯುತ್ ಅಳತೆಯಿಂದ ಸೂಚಿಸುತ್ತದೆ. 31 ಬಿಂದುಗಳಲ್ಲಿ ಅಳತೆ ಮೈನಸ್ 350 ಮಿಲಿವೋಲ್ಟ್‌ಗಿಂತಲೂ ಕೆಳಗಿತ್ತು. ಅಂಥ ಜಾಗದಲ್ಲಿ ಅಳೆದ ಹೊತ್ತಿಗೆ ತುಕ್ಕು ನಡೆಯುತ್ತಿರುವ ಸಂಭವ ಶೇಕಡಾ 90ಕ್ಕಿಂತ ಹೆಚ್ಚು ಎಂದು ಎಎಸ್‌ಟಿಎಂ ಸಿ876 ಮಾನದಂಡ ಹೇಳುತ್ತದೆ. ಎಷ್ಟು ಕಂಬಿ ಸವೆದಿದೆ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಸ್ಲ್ಯಾಬಿನ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ತುಕ್ಕು ಈಗಲೂ ನಡೆಯುತ್ತಿದೆ ಎಂಬುದು ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ 2: ಉಪ್ಪು ಎಲ್ಲಿಂದ ಬಂತು?

ವಿವಾದ ನಿಂತಿರುವುದೇ ಇದರ ಮೇಲೆ. ಮೂಲ ಸಾರಾಂಶದಲ್ಲಿ ‘ಕ್ಲೋರೈಡ್ ಪ್ರಮಾಣ ಅನುಮತಿತ ಮಿತಿಗಿಂತ ಅಧಿಕವಾಗಿದ್ದು ತುಕ್ಕಿಗೆ ಪೂರಕವಾಗಿದೆ’ ಎಂಬ ಒಂದು ವಾಕ್ಯವಿತ್ತು. ಅದನ್ನು ಬಿಡಿಸಿ ಹೇಳುತ್ತೇನೆ.

ಉಪ್ಪಿನಲ್ಲಿರುವ ಕ್ಲೋರೈಡ್ ಕಂಬಿಯ ಮೇಲಿನ ರಕ್ಷಣೆಯ ಪದರವನ್ನು ಮುರಿಯುತ್ತದೆ. ಕಂಬಿ ಇರುವ ಕಾಂಕ್ರೀಟಿನಲ್ಲಿ, ಹಾಕುವ ಹೊತ್ತಿಗೆ, ಒಂದು ಘನ ಮೀಟರಿಗೆ 0.6 ಕಿಲೋಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000 ಹೇಳುತ್ತದೆ.

ಕಡಲ ಗಾಳಿಯಿಂದ ಬಂದ ಉಪ್ಪು ಹೊರಮೈಯಲ್ಲಿ ಜಾಸ್ತಿ ಇದ್ದು, ಒಳಗೆ ಹೋದಂತೆ ಕಡಿಮೆಯಾಗಬೇಕು. ಕಲಸುವಾಗಲೇ ಸೇರಿದ ಉಪ್ಪು ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಮೇಲೆ ಉಪ್ಪು ಉದುರಿಸಿದ ರೊಟ್ಟಿಗೂ ಹಿಟ್ಟಿನಲ್ಲೇ ಉಪ್ಪು ಕಲಸಿದ ರೊಟ್ಟಿಗೂ ಇರುವ ವ್ಯತ್ಯಾಸ ಇದು. ಅದಕ್ಕೇ ಮೂರು ಜಾಗಗಳಲ್ಲಿ ಪ್ಲಾಸ್ಟರ್ ತೆಗೆದು, ಕೆಳಮೈಯಿಂದ ಒಳಕ್ಕೆ ಪದರ ಪದರವಾಗಿ ಪುಡಿ ತೆಗೆದು ಪರೀಕ್ಷಿಸಿದೆ. ಅಂಕಿಗಳು ಘನ ಮೀಟರಿಗೆ ಕಿಲೋಗ್ರಾಂ ಲೆಕ್ಕದಲ್ಲಿವೆ.

| ಆಳ (ಮಿ.ಮೀ.) | ಬಾಲ್ಕನಿ, ಕಡಲ ಕಡೆ | ಹಾಲ್, ಒಳಗೆ | ಮೆಟ್ಟಿಲು ಕೋಣೆ |
|---|---|---|---|
| 0–15 | 3.1 | 1.3 | 1.2 |
| 15–30 | 2.2 | 1.4 | 1.3 |
| 30–45 | 1.5 | 1.3 | 1.4 |
| 45–60 | 1.3 | 1.2 | 1.3 |

ಹಾಲ್ ಮತ್ತು ಮೆಟ್ಟಿಲು ಕೋಣೆಯಲ್ಲಿ ಅಂಕಿ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಸ್ಲ್ಯಾಬಿನ ದಪ್ಪ 125 ಮಿಲಿಮೀಟರ್. ಅದರ ಮಧ್ಯಭಾಗದ ಹತ್ತಿರವೂ ಮಿತಿಯ ಎರಡು ಪಟ್ಟು ಕ್ಲೋರೈಡ್ ಇದೆ. ಪ್ಲಾಸ್ಟರ್ ಹಾಕಿದ ಒಳಗಿನ ಸ್ಲ್ಯಾಬಿಗೆ ಏಳೂವರೆ ವರ್ಷದಲ್ಲಿ ಗಾಳಿಯಿಂದ ಉಪ್ಪು ಹೋಗಿದ್ದರೆ ಇಷ್ಟು ಒಂದೇ ಸಮ ಇರುತ್ತಿರಲಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನ ಹೊರಪದರವನ್ನು ಬದಲಿಸುವುದಕ್ಕೆ ಕಾರ್ಬನೇಷನ್ ಎನ್ನುತ್ತಾರೆ. ಹಾಗೆ ಆದ ಪದರ ಉಪ್ಪನ್ನು ಒಳಕ್ಕೆ ತಳ್ಳುವುದುಂಟು. ಆದರೆ ಇಲ್ಲಿ ಆ ಪದರ 8ರಿಂದ 12 ಮಿಲಿಮೀಟರ್ ಮಾತ್ರ, ಅದು ಈ ಅಂಕಿಗಳನ್ನು ವಿವರಿಸುವುದಿಲ್ಲ. ಕಾಂಕ್ರೀಟ್ ಕಲಸುವಾಗಲೇ ಮಿತಿ ಮೀರಿ ಕ್ಲೋರೈಡ್ ಸೇರಿತ್ತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಬಾಲ್ಕನಿಯಲ್ಲಿ ಎರಡೂ ಕಾರಣ ಒಟ್ಟಿಗೆ ಕಾಣುತ್ತವೆ. ಆಳದಲ್ಲಿ ಅದೇ 1.3ರಷ್ಟು ಉಪ್ಪು, ಅದರ ಮೇಲೆ ಹೊರಗಿನಿಂದ ಬಂದ ಉಪ್ಪು. ಕಡಲ ಗಾಳಿಯ ಬಗ್ಗೆ ಪ್ರತಿವಾದಿ ಹೇಳಿದ್ದು ಬಾಲ್ಕನಿಯ ಮಟ್ಟಿಗೆ ಸರಿ. ಇದೂ ಬಲವಾದ ಅಭಿಪ್ರಾಯ. ಹಾಲ್ ಸ್ಲ್ಯಾಬಿಗೆ ಆ ಮಾತು ಹೊಂದುವುದಿಲ್ಲ.

ಇನ್ನು ಹೊಯ್ಗೆಯ ಮಾತು. ಉಪ್ಪು ಹೊಯ್ಗೆಯಿಂದಲೇ ಬಂತೇ, ಅಥವಾ ಕಲಸಲು ಬಳಸಿದ ಉಪ್ಪು ಬಾವಿಯ ನೀರಿನಿಂದ ಬಂತೇ? ಹೇಳಲಾರೆ. ಗಟ್ಟಿಯಾದ ಕಾಂಕ್ರೀಟಿನಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಕಾಂಕ್ರೀಟಿನಿಂದ ಕೊರೆದು ತೆಗೆದ ಉರುಳೆಗೆ ಕೋರ್ ಎನ್ನುತ್ತಾರೆ. ಆರು ಕೋರ್‌ಗಳ ಪೈಕಿ ನಾಲ್ಕರಲ್ಲಿ ಸಣ್ಣ ಚಿಪ್ಪಿನ ಚೂರುಗಳು ಕಂಡವು. ಹೊಯ್ಗೆ ಕಡಲ ಅಂಚಿನದು ಅಥವಾ ಅಳಿವೆಯದು ಎಂಬ ಕಡೆಗೆ ಇದು ವಾಲುತ್ತದೆ, ಹೆಚ್ಚು ಸಂಭವ ಎನ್ನಬಹುದು. ಆದರೆ ಅಳಿವೆಯ ಹೊಯ್ಗೆಯನ್ನೂ ಸಿಹಿ ನೀರಿನಲ್ಲಿ ಚೆನ್ನಾಗಿ ತೊಳೆದರೆ ಉಪ್ಪು ಹೋಗುತ್ತದೆ, ಚಿಪ್ಪು ಉಳಿಯುತ್ತದೆ. ಚಿಪ್ಪು ಸಿಕ್ಕಿತು ಎಂಬುದನ್ನೇ ಉಪ್ಪಿಗೆ ಸಾಕ್ಷಿಯಾಗಿ ತೆಗೆದುಕೊಳ್ಳಬಾರದು ಎಂದು ನನ್ನ ವಿನಂತಿ. ಹೊಯ್ಗೆ ಎಲ್ಲಿಂದ ತಂದರು, ನೀರು ಯಾವುದು ಎಂಬುದಕ್ಕೆ ಖರೀದಿಯ ಬಿಲ್ ಮತ್ತು ಕೆಲಸಗಾರರ ಹೇಳಿಕೆಯೇ ಉತ್ತರ ಕೊಡಬಲ್ಲವು.

ಪ್ರಶ್ನೆ 3: ಕಂಬಿಯ ಮೇಲೆ ಸಾಕಷ್ಟು ಕಾಂಕ್ರೀಟ್ ಇತ್ತೇ?

ಇರಲಿಲ್ಲ. ಖಚಿತ. ಕಂಬಿಗೂ ಹೊರಮೈಗೂ ನಡುವಿನ ಕಾಂಕ್ರೀಟಿಗೆ ಕವರ್ ಎನ್ನುತ್ತಾರೆ. ಕರಾವಳಿಯಲ್ಲಿ, ಉಪ್ಪು ಗಾಳಿಯಿಂದ ಮರೆಯಾಗಿರುವ ಭಾಗಕ್ಕೆ 30 ಮಿಲಿಮೀಟರ್, ಅದಕ್ಕೆ ಮೈಯೊಡ್ಡಿದ ಭಾಗಕ್ಕೆ 45 ಮಿಲಿಮೀಟರ್ ಬೇಕು ಎಂದು ಐಎಸ್ 456 ಹೇಳುತ್ತದೆ. ಹಾಲ್‌ನಲ್ಲಿ ಸಿಕ್ಕಿದ್ದು 12ರಿಂದ 22, ಬಾಲ್ಕನಿಯಲ್ಲಿ 14ರಿಂದ 20. ಒಡೆದು ನೋಡಿದ ಜಾಗಗಳಲ್ಲಿ ಕವರ್ ಅಳೆಯುವ ಮೀಟರಿನ ಅಳತೆಗೂ ನಿಜವಾದ ಅಳತೆಗೂ ಹೆಚ್ಚೆಂದರೆ 3 ಮಿಲಿಮೀಟರ್ ವ್ಯತ್ಯಾಸ ಇತ್ತು. ಅದನ್ನು ಸೇರಿಸಿದರೂ ಉತ್ತರ ಬದಲಾಗುವುದಿಲ್ಲ.

ಪ್ರಶ್ನೆ 4: ಕಾಂಕ್ರೀಟ್ ಒಪ್ಪಂದದ ಎಂ25 ಮಟ್ಟದ್ದೇ?

ಮಾನದಂಡದ ಪ್ರಕಾರ ಅಲ್ಲ. ಆದರೆ ಅಂತರ ದೊಡ್ಡದಲ್ಲ. ಹೆಚ್ಚು ಸಂಭವ.

ಎಂ25 ಅಂದರೆ ಗಟ್ಟಿತನ ಚದರ ಮಿಲಿಮೀಟರಿಗೆ 25 ನ್ಯೂಟನ್ ಇರಬೇಕಾದ ಕಾಂಕ್ರೀಟ್. ಕಟ್ಟಿ ಮುಗಿದ ಕಾಂಕ್ರೀಟಿನಿಂದ ಕೋರ್ ತೆಗೆದು ಪರೀಕ್ಷಿಸಿದಾಗ, ಸರಾಸರಿ 25ರ ಶೇಕಡಾ 85 ಇರಬೇಕು, ಅಂದರೆ 21.25. ಯಾವುದೇ ಒಂದು ಕೋರ್ ಶೇಕಡಾ 75ಕ್ಕಿಂತ, ಅಂದರೆ 18.75ಕ್ಕಿಂತ ಕಡಿಮೆ ಇರಬಾರದು. ಸಿಕ್ಕಿದ ಆರು ಅಂಕಿಗಳು 17.8, 19.2, 20.1, 21.4, 22.6 ಮತ್ತು 23.5. ಸರಾಸರಿ 20.8. ಎರಡೂ ಷರತ್ತಿನಲ್ಲಿ ಕಾಂಕ್ರೀಟ್ ಕೆಳಗಿದೆ. ಆದರೆ ಸರಾಸರಿಯಲ್ಲಿ ಕೊರತೆ ಅರ್ಧ ನ್ಯೂಟನ್‌ನಷ್ಟು ಮಾತ್ರ, ಇನ್ನೊಂದು ಷರತ್ತಿನಲ್ಲಿ ತಪ್ಪಿದ್ದು ಒಂದೇ ಕೋರ್. ಬೇರೆ ಆರು ಜಾಗದಲ್ಲಿ ಕೋರ್ ತೆಗೆದಿದ್ದರೆ ಫಲಿತಾಂಶ ಗೆರೆಯ ಆಚೆ ಬೀಳಬಹುದಿತ್ತು. ಇನ್ನೊಂದು ಕಡೆ, ವರ್ಷ ಕಳೆದಂತೆ ಕಾಂಕ್ರೀಟ್ ಸ್ವಲ್ಪ ಗಟ್ಟಿಯಾಗುತ್ತದೆ. ಅದಕ್ಕಾಗಿ ನಾನು ಅಂಕಿಯನ್ನು ಇಳಿಸಿಲ್ಲ. ಆ ಲಾಭ ಪ್ರತಿವಾದಿಗೆ ಸಿಕ್ಕಿದೆ.

ಗಟ್ಟಿತನದ ಈ ಕೊರತೆಯೇ ತುಕ್ಕಿಗೆ ಕಾರಣ ಎಂದು ನಾನು ಹೇಳುತ್ತಿಲ್ಲ.

ಪ್ರಶ್ನೆ 5: ಯಾವ ಕಾರಣದ ಪಾಲು ಎಷ್ಟು?

ಶೇಕಡಾವಾರು ಪಾಲು ಕೊಡಿ ಎಂದು ಎರಡೂ ಕಡೆಯ ವಕೀಲರು ಕೇಳಿದ್ದಾರೆ. ಹೇಳಲಾರೆ. ಹಾಗೆ ಪಾಲು ಮಾಡುವ ಒಪ್ಪಿತ ವಿಧಾನ ಇಲ್ಲ. ಸುಮ್ನೆ ಒಂದು ಅಂಕಿ ಬರೆದರೆ ಅದು ಲೆಕ್ಕದಂತೆ ಕಾಣುತ್ತದೆ, ಅದರ ಮೇಲೆ ಪರಿಹಾರದ ಹಣ ನಿಂತುಬಿಡುತ್ತದೆ. ಅದು ಯಾರಿಗೂ ನ್ಯಾಯವಲ್ಲ.

ನಾನು ಕೊಡಬಲ್ಲದ್ದು ಕ್ರಮ ಮಾತ್ರ. ಹಾಲ್‌ನಲ್ಲಿ ಕಲಸುವಾಗ ಸೇರಿದ ಉಪ್ಪು ಮೊದಲ ಕಾರಣ, ತೆಳುವಾದ ಕವರ್ ಎರಡನೆಯದು. ಬಾಲ್ಕನಿಯಲ್ಲಿ ಈ ಎರಡರ ಜೊತೆ ಕಡಲ ಗಾಳಿಯೂ ಮುಖ್ಯ ಕಾರಣವೇ. ಇವು ಬಲವಾದ ಅಭಿಪ್ರಾಯ. ಮೆಟ್ಟಿಲು ಕೋಣೆಯಲ್ಲಿ ಮಳೆನೀರು ಸೋರಿದ ಕಲೆಗಳಿವೆ. ಒದ್ದೆ ಇದ್ದರೆ ತುಕ್ಕು ಬೇಗ ಹಬ್ಬುತ್ತದೆ. ಅಲ್ಲಿ ಸೋರಿಕೆ ಹಾನಿಯನ್ನು ಜಾಸ್ತಿ ಮಾಡಿದೆ ಎಂಬುದು ಹೆಚ್ಚು ಸಂಭವ. ಸೋರಿಕೆ ಯಾವಾಗ ಶುರುವಾಯಿತು, ಅದು ಕಟ್ಟಿದವರ ದೋಷವೋ ನಿರ್ವಹಣೆಯ ಕೊರತೆಯೋ, ಹೇಳಲಾರೆ.

ಪ್ರಶ್ನೆ 6: ಮನೆಯಲ್ಲಿ ವಾಸ ಮಾಡಬಹುದೇ?

ಆ ಮನೆಯಲ್ಲಿ ಈಗಲೂ ಒಂದು ಕುಟುಂಬ ಇದೆ. ಆದ್ದರಿಂದ ಈ ಉತ್ತರ ತೀರ್ಪಿನವರೆಗೆ ಕಾಯಬಾರದು.

ಹಾಲ್ ಸ್ಲ್ಯಾಬಿನ ಎಲ್ಲ ಕಂಬಿಯೂ ಅತಿ ಹೆಚ್ಚು ಸವೆದ 8.9 ಮಿಲಿಮೀಟರಿನದ್ದೇ, ಕಾಂಕ್ರೀಟೂ ಅತಿ ಕಡಿಮೆ ಅಂಕಿಯದ್ದೇ ಎಂದು ಇಟ್ಟುಕೊಂಡು ಲೆಕ್ಕ ಹಾಕಿದೆ. ಹಾಗಿದ್ದರೂ ಅದು ತನ್ನ ತೂಕ ಮತ್ತು ವಾಸದ ಮನೆಗೆ ಹಿಡಿಯುವ ಚದರ ಮೀಟರಿಗೆ ಸುಮಾರು 200 ಕಿಲೋ ಭಾರವನ್ನು ಹೊರುತ್ತದೆ. ಆದರೆ ಮಾನದಂಡ ಕೇಳುವಷ್ಟು ಹೆಚ್ಚುವರಿ ಸುರಕ್ಷತೆ ಉಳಿದಿಲ್ಲ. ಸಡಿಲವಾದ ಕಾಂಕ್ರೀಟನ್ನು ಕೆಡವಿ ತೆಗೆದು, ಮೇಲಿನ ಕೋಣೆಯಲ್ಲಿ ಭಾರದ ಸಾಮಾನು ಇಡದೆ, ಸದ್ಯಕ್ಕೆ ವಾಸ ಮಾಡಬಹುದು. ಬಲವಾದ ಅಭಿಪ್ರಾಯ. ಇದು 2023ರ ನವೆಂಬರಿನ ಸ್ಥಿತಿಗೆ ಹೇಳಿದ ಮಾತು. ತುಕ್ಕು ನಡೆಯುತ್ತಲೇ ಇರುವುದರಿಂದ, 2024ರ ನವೆಂಬರಿನ ಒಳಗೆ ದುರಸ್ತಿ ಆಗದಿದ್ದರೆ ಮತ್ತೆ ಪರೀಕ್ಷೆ ಬೇಕು.

ಬಾಲ್ಕನಿಯ ಮೇಲೆ ಯಾರೂ ಹೋಗಬಾರದು, ಕೆಳಗೂ ನಿಲ್ಲಬಾರದು. ಅದಕ್ಕೆ ಈಗಲೇ ಕೆಳಗಿನಿಂದ ಆಧಾರದ ಕಂಬ ಕೊಡಬೇಕು. ಗೋಡೆಯಿಂದ ಹೊರಕ್ಕೆ ಚಾಚಿದ ಸ್ಲ್ಯಾಬನ್ನು ಹಿಡಿದಿಡುವುದು ಮೇಲಿನ ಸಾಲಿನ ಕಂಬಿ. ಆ ಸಾಲನ್ನು ಒಂದೇ ಕಡೆ ತೆರೆದು ನೋಡಲು ಸಾಧ್ಯವಾಯಿತು. ಬಾಲ್ಕನಿ ಬೀಳುತ್ತದೆ ಎಂದು ನಾನು ಕಂಡುಕೊಂಡಿಲ್ಲ. ಬೀಳುವುದಿಲ್ಲ ಎಂದು ಹೇಳುವಷ್ಟು ಮಾಹಿತಿ ಇಲ್ಲ ಎಂಬುದೇ ಈ ಸಲಹೆಗೆ ಕಾರಣ.

ಬಿರುಕಿನ ಮೇಲೆ ಮತ್ತೆ ಪ್ಲಾಸ್ಟರ್ ಮಾಡಿದರೆ ತುಕ್ಕು ನಿಲ್ಲುವುದಿಲ್ಲ. ಉಪ್ಪು ಒಳಗೇ ಇದೆ. ಇದು ಖಚಿತ. ದುರಸ್ತಿಯ ಖರ್ಚು ನನಗೆ ಒಪ್ಪಿಸಿದ ಪ್ರಶ್ನೆಗಳಲ್ಲಿ ಇಲ್ಲ, ಅದರ ಬಗ್ಗೆ ಅಭಿಪ್ರಾಯ ಕೊಟ್ಟಿಲ್ಲ.

ಎರಡೂ ಪಕ್ಷಗಳ ಜೊತೆ ನನಗೆ ಯಾವ ವ್ಯವಹಾರವೂ ಇಲ್ಲ. ಮೇಲೆ ಹೇಳಿದ ಅಳತೆಗಳ ಮೂಲ ದಾಖಲೆ ವರದಿಯ ಜೊತೆಗಿದೆ. ಪಾಟೀಸವಾಲಿಗೆ ಹಾಜರಾಗಲು ಸಿದ್ಧನಿದ್ದೇನೆ.

ನ್ಯಾಯಾಲಯ ನೇಮಿಸಿದ ತಜ್ಞ, ಸ್ಟ್ರಕ್ಚರಲ್ ಎಂಜಿನಿಯರ್
ಉಡುಪಿ, 12 ಫೆಬ್ರವರಿ 2024