ಬೇಸಿಗೆಯ ಎರಡು ತಿಂಗಳು ಕೆಲಸದ ವೇಳೆ ಬದಲಾವಣೆ: ಎಲ್ಲ ಸಿಬ್ಬಂದಿಯ ಗಮನಕ್ಕೆ

ಕಲಬುರಗಿ, 23 ಮಾರ್ಚ್ 2026

ಕಚೇರಿ, ಗೋದಾಮು, ಕಣ, ವೇಬ್ರಿಡ್ಜ್, ಲ್ಯಾಬ್, ಗೇಟ್, ವಾಹನ: ಎಲ್ಲ ವಿಭಾಗದವರಿಗೂ ನಮಸ್ಕಾರ.

ಏಪ್ರಿಲ್ 6, ಸೋಮವಾರದಿಂದ ಮೇ 30, ಶನಿವಾರದವರೆಗೆ ನಮ್ಮ ದಾಲ್ ಮಿಲ್ಲಿನ ಕೆಲಸದ ವೇಳೆ ಬದಲಾಗುತ್ತದೆ. ಬಿಸಿಲೇ ಕಾರಣ. ಜೂನ್ 1ರಿಂದ ಮತ್ತೆ ಈಗಿನ ವೇಳೆಗೇ ಬರುತ್ತೇವೆ. ಈ ಎರಡು ತಿಂಗಳು ಯಾರ ಸಂಬಳವೂ, ಯಾರ ದಿನಗೂಲಿಯೂ ಕಡಿಮೆಯಾಗುವುದಿಲ್ಲ.

ಹೊಸ ವೇಳೆ ಹೀಗಿದೆ.

ಕಚೇರಿ ಮತ್ತು ಲ್ಯಾಬ್: ಬೆಳಗ್ಗೆ 7.30ರಿಂದ ಮಧ್ಯಾಹ್ನ 1.30. ನಡುವೆ 10.30ರಿಂದ 11ರವರೆಗೆ ಬುತ್ತಿ ಬಿಡುವು.

ಗೋದಾಮು ಮತ್ತು ಕಣ: ಬೆಳಗ್ಗೆ 6ರಿಂದ 11, ಆಮೇಲೆ ಸಂಜೆ 4.30ರಿಂದ 6.30. ಬೆಳಗ್ಗೆ 8.30ಕ್ಕೆ ಇಪ್ಪತ್ತು ನಿಮಿಷ ಚಹಾ ಬಿಡುವು.

ವೇಬ್ರಿಡ್ಜ್: ಬೆಳಗ್ಗೆ 6ರಿಂದ ಸಂಜೆ 6.30, ಎರಡು ಪಾಳಿಯಲ್ಲಿ.

ಗೇಟ್ ಕಾವಲಿನ ಪಾಳಿಯಲ್ಲಿ ಬದಲಾವಣೆ ಇಲ್ಲ. ಆದರೆ ಕಾವಲುಗಾರರ ಕುರ್ಚಿ ಇನ್ನು ಮುಂದೆ ಬಿಸಿಲಲ್ಲಿ ಇರುವುದಿಲ್ಲ. ಬೇವಿನ ಮರದ ಕೆಳಗೆ ಚಪ್ಪರ ಹಾಕಿಸುತ್ತಿದ್ದೇವೆ, ಈ ವಾರವೇ ಮುಗಿಯುತ್ತದೆ.

ಭಾನುವಾರದ ರಜೆ ಹಾಗೆಯೇ ಇದೆ. ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಕಾರ್ಮಿಕ ದಿನ, ಬಕ್ರೀದ್ ರಜೆಗಳೂ ಹಾಗೆಯೇ ಇವೆ.

ಈ ಬದಲಾವಣೆ ಯಾಕೆ ಎಂದು ಸರಿಯಾಗಿ ಹೇಳಬೇಕು. ನಮ್ಮೂರಿನ ಬಿಸಿಲು ಯಾರಿಗೂ ಹೊಸದಲ್ಲ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲಿ. ಅದರ ಮೇಲೆ ನಮ್ಮ ಗೋದಾಮಿನದು ತಗಡಿನ ಮಾಡು. ಹೊರಗಿನ ಬಿಸಿಲಿಗಿಂತ ಒಳಗಿನ ಧಗೆ ಜಾಸ್ತಿ. ಕಳೆದ ಮೇ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಲಾರಿ ಖಾಲಿ ಮಾಡುವಾಗ ನಮ್ಮ ಹಮಾಲರೊಬ್ಬರು ತಲೆ ಸುತ್ತಿ ಬಿದ್ದರು. ಜೊತೆಯವರು ಕೂಡಲೇ ನೆರಳಿಗೆ ಎಳೆದು, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಕರೆದೊಯ್ದರು. ಅವರು ಈಗ ಆರಾಮಾಗಿದ್ದಾರೆ. ಆದರೆ ಆ ಹೊತ್ತಿಗೇ ಲಾರಿ ಖಾಲಿಯಾಗಬೇಕು ಎಂದು ಹೇಳಿ ಕಳಿಸಿದ್ದು ಕಚೇರಿಯಿಂದ. ತಪ್ಪು ನಮ್ಮದು. ಅದು ಇನ್ನೊಮ್ಮೆ ಆಗಬಾರದು ಎಂದು ಮಾಲೀಕರೊಂದಿಗೆ ಕುಳಿತು ಈ ವೇಳೆ ನಿಗದಿ ಮಾಡಿದ್ದೇವೆ.

ಇದರಲ್ಲಿ ಹೊಸತೇನೂ ಇಲ್ಲ. ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸ ಮಾಡುವ ರೂಢಿ ಬಹಳ ವರ್ಷಗಳಿಂದ ಇದೆ. ಹೊಲದಲ್ಲಿ ದುಡಿಯುವವರೂ ನಸುಕಿನಲ್ಲೇ ಹೋಗಿ ಬಿಸಿಲೇರುವ ಮೊದಲು ಮರದ ಕೆಳಗೆ ಬರುತ್ತಾರೆ. ನಾವೇ ತಡ ಮಾಡಿದೆವು.

ಕಣದ ಕೆಲಸದ ಬಗ್ಗೆ ಹೆಚ್ಚು ಪ್ರಶ್ನೆ ಬಂದಿವೆ. ಎಣ್ಣೆ, ನೀರು ಹಿಡಿಸಿದ ತೊಗರಿಗೆ ಬಿಸಿಲು ಬೇಕೇ ಬೇಕು. ಆದರೆ ಅದು ಒಣಗುವಾಗ ನಾವು ಪಕ್ಕದಲ್ಲೇ ನಿಂತಿರಬೇಕಾಗಿಲ್ಲ. ಹರಡುವ ಕೆಲಸ ಬೆಳಗ್ಗೆ 6ರಿಂದ 9ರೊಳಗೆ ಮುಗಿಯಲಿ. ಮೊದಲ ಸಲ ತಿರುವುವುದು 10.30ಕ್ಕೆ, ಎರಡನೇ ಸಲ 4.30ಕ್ಕೆ. ಆಮೇಲೆ ರಾಶಿ ಮಾಡಿ ತಾಡಪತ್ರಿ ಹೊದಿಸಿ 6.30ಕ್ಕೆ ಮನೆಗೆ. ಮಧ್ಯಾಹ್ನ ಒಂದು ಗಂಟೆಗೆ ತಿರುವುವುದು ಈ ಎರಡು ತಿಂಗಳು ಬಂದ್. ಇದರಿಂದ ಕಾಳು ಒಣಗಲು ಅರ್ಧ ದಿನ ಹೆಚ್ಚು ಹಿಡಿಯಬಹುದು. ಹಿಡಿಯಲಿ. ಮಾಲೀಕರು ಒಪ್ಪಿದ್ದಾರೆ. ತೇವ ಸರಿಯಾಗಿ ಇಳಿದಿದೆಯೇ ಎಂದು ಲ್ಯಾಬಿನವರು ನೋಡಿ ಹೇಳಿದ ಮೇಲೆಯೇ ಮಿಲ್ಲಿಗೆ ಹಾಕುತ್ತೇವೆ. ಯಾರೂ ಅವಸರ ಮಾಡಬೇಡಿ. ಅಕಸ್ಮಾತ್ ಮಧ್ಯಾಹ್ನ ಮೋಡ ಕಟ್ಟಿ ಅಡ್ಡಮಳೆ ಬರುವ ಹಾಗೆ ಕಂಡರೆ ಮಾತ್ರ, ಆವರಣದಲ್ಲಿ ಇರುವವರು ತಾಡಪತ್ರಿ ಎಳೆಯಲು ಕೈ ಜೋಡಿಸಬೇಕು. ಆಗ ಕಚೇರಿಯವರೂ ಬರುತ್ತೇವೆ.

ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರಿಗೆ ಒಂದು ಅಳುಕಿದೆ. ಗಂಟೆ ಕಡಿಮೆಯಾದರೆ ಚೀಲ ಕಡಿಮೆ, ಚೀಲ ಕಡಿಮೆಯಾದರೆ ದುಡ್ಡು ಕಡಿಮೆ ಅಲ್ವಾ ಎಂದು ಅವರ ಮೇಸ್ತ್ರಿ ನೇರವಾಗಿ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ನಮ್ಮ ಮೊದಲ ಕರಡಿನಲ್ಲಿ ಈ ಮಾತೇ ಇರಲಿಲ್ಲ. ಈಗ ಹೀಗೆ ಮಾಡುತ್ತೇವೆ. ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಸರಾಸರಿ ಎಷ್ಟು ಕೂಲಿ ಬಿದ್ದಿದೆ ಎಂದು ಲೆಕ್ಕ ತೆಗೆಯುತ್ತೇವೆ. ಏಪ್ರಿಲ್, ಮೇನಲ್ಲಿ ಕೆಲಸಕ್ಕೆ ಬಂದ ದಿನ ಅದಕ್ಕಿಂತ ಕಡಿಮೆ ಬಿದ್ದರೆ ಉಳಿದದ್ದನ್ನು ನಾವು ತುಂಬಿ ಕೊಡುತ್ತೇವೆ. ಹೆಚ್ಚು ಬಿದ್ದರೆ ಹೆಚ್ಚೇ ಅವರಿಗೆ. ಈ ಲೆಕ್ಕದ ಪಟ್ಟಿ ಏಪ್ರಿಲ್ 4ರ ಹೊತ್ತಿಗೆ ಗೋದಾಮಿನ ಬಾಗಿಲ ಬಳಿ ಹಚ್ಚಿರುತ್ತದೆ. ತಪ್ಪಿದ್ದರೆ ಅಕೌಂಟ್ಸ್‌ನಲ್ಲಿ ಹೇಳಿ, ಸರಿ ಮಾಡಿಸಿಕೊಳ್ಳಿ.

11ರಿಂದ 4.30ರವರೆಗೆ ಮನೆಗೆ ಹೋಗಿ ಬರಬಹುದು. ದೂರದವರಿಗೆ ಅದು ಆಗದ ಮಾತು ಎಂದು ಗೊತ್ತು. ಕಚೇರಿಯ ಹಿಂದಿನ ದೊಡ್ಡ ಕೋಣೆಯನ್ನು ಇದಕ್ಕಾಗಿ ಖಾಲಿ ಮಾಡಿಸಿದ್ದೇವೆ. ಎರಡು ಕೂಲರ್, ಚಾಪೆ, ಕುಡಿಯುವ ನೀರು ಇರುತ್ತದೆ. ಹೆಣ್ಣುಮಕ್ಕಳಿಗೆ ಲ್ಯಾಬ್ ಪಕ್ಕದ ಕೋಣೆ ಬೇರೆಯಾಗಿಯೇ ಇದೆ, ಅದಕ್ಕೂ ಕೂಲರ್ ಹಾಕಿಸುತ್ತೇವೆ. ಆ ಹೊತ್ತು ನಿಮ್ಮದು. ಮಲಗಿರುವವರನ್ನು ಎಬ್ಬಿಸಿ "ಸುಮ್ನೆ ಒಂದು ಹತ್ತು ಚೀಲ ಇಳಿಸಿಬಿಡಿ" ಎಂದು ಯಾರೂ ಕೇಳಬಾರದು. ಕೇಳಿದರೆ ನನಗೆ ಹೇಳಿ.

ಲಾರಿಗಳ ವಿಷಯ. 11ರ ನಂತರ ಬಂದ ಲಾರಿ 4.30ರವರೆಗೆ ನಿಲ್ಲಬೇಕಾಗುತ್ತದೆ. ಟ್ರಾನ್ಸ್‌ಪೋರ್ಟ್‌ನವರಿಗೆಲ್ಲ ಇವತ್ತೇ ತಿಳಿಸುತ್ತಿದ್ದೇವೆ. ನಿಂತ ಹೊತ್ತಿನ ಬಾಡಿಗೆ ಕೇಳಿದರೆ ಅದು ನಮ್ಮ ಖರ್ಚು, ಗೋದಾಮಿನವರು ಆ ಬಗ್ಗೆ ಚಾಲಕರ ಜೊತೆ ವಾದ ಮಾಡಬೇಕಾಗಿಲ್ಲ. ಚಾಲಕ, ಕ್ಲೀನರ್ ಇಬ್ಬರಿಗೂ ನೀರು, ನೆರಳು ಕೊಡಿ. ರೈತರು ಟ್ರ್ಯಾಕ್ಟರಿನಲ್ಲಿ ಮಾಲು ತಂದರೆ ತೂಕ ಮಾತ್ರ ಯಾವ ಹೊತ್ತಿಗಾದರೂ ಆಗಬೇಕು. ಅದಕ್ಕೇ ವೇಬ್ರಿಡ್ಜ್ ಇಡೀ ದಿನ ತೆರೆದಿರುತ್ತದೆ. ತೂಕದ ಚೀಟಿ ಕೈಗೆ ಕೊಟ್ಟು, ಇಳಿಸುವುದು ಸಂಜೆ ಎಂದು ಸಮಾಧಾನದಿಂದ ಹೇಳಿ.

ಇನ್ನು ಕಚೇರಿ. ಗಂಜ್‌ನಲ್ಲಿ ಖರೀದಿ ಮುಗಿಸಿ ನಮ್ಮವರು ಲೆಕ್ಕ ತರುವುದು ಮಧ್ಯಾಹ್ನದ ಮೇಲೆ. ಆದ್ದರಿಂದ ಕಚೇರಿಯನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ದಿನಕ್ಕೆ ಇಬ್ಬರು ಪಾಳಿಯ ಮೇಲೆ 11.30ಕ್ಕೆ ಬಂದು 6ರವರೆಗೆ ಇರುತ್ತಾರೆ. ಕಚೇರಿಯಲ್ಲಿ ನಾವು ಹದಿನಾಲ್ಕು ಜನ ಇದ್ದೇವೆ. ಏಳು ಕೆಲಸದ ದಿನಕ್ಕೊಮ್ಮೆ ಒಬ್ಬರ ಸರದಿ ಬರುತ್ತದೆ. ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಸರದಿ ಅದಲು ಬದಲು ಮಾಡಿಕೊಳ್ಳಬಹುದು, ಹಿಂದಿನ ದಿನ ಮಧ್ಯಾಹ್ನದೊಳಗೆ ಹೇಳಿದರೆ ಸಾಕು.

ಅಕೌಂಟ್ಸ್‌ನವರಿಗೆ ಇದು ವರ್ಷದ ಲೆಕ್ಕ ಮುಗಿಸುವ ಹೊತ್ತು. ಏಪ್ರಿಲ್ 11ಕ್ಕೆ, 20ಕ್ಕೆ ಜಿಎಸ್‌ಟಿ ರಿಟರ್ನ್, 30ಕ್ಕೆ ಮಾರ್ಚ್ ತಿಂಗಳ ಟಿಡಿಎಸ್ ಕಟ್ಟುವುದು. ಗಂಟೆ ಕಡಿಮೆ, ಕೆಲಸ ಅಷ್ಟೇ ಎಂಬ ಚಿಂತೆ ಸಹಜ. ಈ ತಾರೀಕುಗಳ ಹಿಂದಿನ ಎರಡೆರಡು ದಿನ ಅಕೌಂಟ್ಸ್‌ನವರಿಗೆ ಮಧ್ಯಾಹ್ನದ ಪಾಳಿ ಹಾಕುವುದಿಲ್ಲ, ಬೇರೆ ವಿಭಾಗದವರು ನೋಡಿಕೊಳ್ಳುತ್ತಾರೆ. ಖರೀದಿ ಬಿಲ್‌ಗಳನ್ನು ಎಲ್ಲರೂ ಆಯಾ ದಿನವೇ ಅವರಿಗೆ ಮುಟ್ಟಿಸಿ. ವಾರದ ಬಿಲ್ ಒಟ್ಟಿಗೆ ತಂದು ಮೇಜಿನ ಮೇಲೆ ಇಡುವುದು ಬೇಡ. ಸರ್ಕಾರಿ ಕಚೇರಿಯಲ್ಲಿ, ಬ್ಯಾಂಕಿನಲ್ಲಿ ಖುದ್ದಾಗಿ ಆಗಬೇಕಾದ ಕೆಲಸ ಇದ್ದರೆ 12ರೊಳಗೆ ಮುಗಿಸಿಕೊಳ್ಳಿ. ರೈತರ ಖಾತೆಗೆ ಹಣ ಹಾಕಲು ಬ್ಯಾಂಕಿನ ವೇಳೆ ಕಾಯಬೇಕಾಗಿಲ್ಲ. ಆರ್‌ಟಿಜಿಎಸ್, ನೆಫ್ಟ್ ಎರಡೂ ಈಗ ದಿನದ 24 ಗಂಟೆಯೂ ನಡೆಯುತ್ತವೆ. ಪಾವತಿ ಒಂದು ದಿನವೂ ಮುಂದೆ ಹೋಗಬಾರದು.

ಬೆಳಗ್ಗೆ ಬೇಗ ಬರುವುದು ಎಲ್ಲರಿಗೂ ಒಂದೇ ಸಮ ಸುಲಭವಲ್ಲ. ಆಳಂದ, ಅಫಜಲಪುರ, ಶಹಾಬಾದ್ ಕಡೆಯಿಂದ ಬಸ್ಸಿನಲ್ಲಿ ಬರುವವರು 8ಕ್ಕೆ ಬಂದರೂ ನಡೆಯುತ್ತದೆ, ಆಡಳಿತ ವಿಭಾಗದಲ್ಲಿ ಒಮ್ಮೆ ಹೆಸರು ಬರೆಸಿದರೆ ಆಯಿತು. ಮನೆಯಲ್ಲಿ ನಳ ಬರುವ ದಿನ ನೀರು ತುಂಬಿಸಿಟ್ಟೇ ಹೊರಡಬೇಕಾಗುತ್ತದೆ. ಬೇಸಿಗೆಯಲ್ಲಿ ಅದು ಚಿಕ್ಕ ಮಾತಲ್ಲ. ಅಂಥ ದಿನ ಮುಕ್ಕಾಲು ಗಂಟೆ ತಡವಾದರೂ ಹಾಜರಿಯಲ್ಲಿ ಕಡಿತ ಇಲ್ಲ. ಫೋನ್ ಮಾಡಿ ತಿಳಿಸಿ. ಶಾಲೆಗೆ ರಜೆ ಬೀಳುವವರೆಗೆ ಮಕ್ಕಳನ್ನು ಬಿಟ್ಟು ಬರಬೇಕಾದವರಿಗೂ ಇದೇ ಅನ್ವಯ. ಹಾಜರಿ ಯಂತ್ರದಲ್ಲಿ ಹೊಸ ವೇಳೆ ಏಪ್ರಿಲ್ 5ರ ರಾತ್ರಿ ಹಾಕುತ್ತೇವೆ. ಮೊದಲ ವಾರ ತಡವಾಗಿ ಬಂದವರ ಲೆಕ್ಕ ಹಿಡಿಯುವುದಿಲ್ಲ.

1.30ಕ್ಕೆ ಹೊರಗೆ ಕಾಲಿಟ್ಟರೆ ರಣಬಿಸಿಲೇ ಇರುತ್ತದೆ. ಅದಕ್ಕೆ 1.40ಕ್ಕೆ ನಮ್ಮ ವ್ಯಾನ್ ಕೇಂದ್ರ ಬಸ್ ನಿಲ್ದಾಣದವರೆಗೆ ಬಿಟ್ಟು ಬರುತ್ತದೆ. ಬಿಸಿಲು ತಗ್ಗುವವರೆಗೆ ಕಚೇರಿಯಲ್ಲೇ ಕುಳಿತಿರುತ್ತೇನೆ ಎನ್ನುವವರು ಧಾರಾಳವಾಗಿ ಇರಬಹುದು.

ಏಪ್ರಿಲ್ 6ರಿಂದ ದಿನವೂ ಬೆಳಗ್ಗೆ 10 ಗಂಟೆಗೆ ಎಲ್ಲ ವಿಭಾಗಕ್ಕೂ ಮಜ್ಜಿಗೆ ಬರುತ್ತದೆ. ಓಆರ್‌ಎಸ್ ಪೊಟ್ಟಣಗಳು ವೇಬ್ರಿಡ್ಜ್ ಕೋಣೆಯಲ್ಲಿ ಇರುತ್ತವೆ, ಕೇಳದೆಯೇ ತೆಗೆದುಕೊಳ್ಳಿ. ತಲೆ ಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ಕೆಲಸ ಅಲ್ಲಿಗೇ ಬಿಟ್ಟು ನೆರಳಿಗೆ ಬನ್ನಿ, ಮೇಸ್ತ್ರಿಯ ಅಪ್ಪಣೆ ಬೇಡ. ಯಾರಾದರೂ ಗೊಂದಲವಾಗಿ ಮಾತಾಡಿದರೆ, ಮೈ ಕಾದು ಪ್ರಜ್ಞೆ ತಪ್ಪಿದರೆ ಮೊದಲು 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಈ ವೇಳೆ ಯಾರಿಗಾದರೂ ಹೊಂದದಿದ್ದರೆ, ಮನೆಯಲ್ಲಿ ವಯಸ್ಸಾದವರಿದ್ದರೆ, ಔಷಧಿ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಮಾರ್ಚ್ 30, ಸೋಮವಾರದೊಳಗೆ ನನ್ನ ಬಳಿ ಬಂದು ಮಾತಾಡಿ. ಅರ್ಜಿ ಬರೆಯಬೇಕಾಗಿಲ್ಲ. ಇದನ್ನು ಓದಲು ಬಾರದವರಿಗೆ ಗೋದಾಮಿನಲ್ಲಿ ಮಾರ್ಚ್ 25ರಂದು ಬೆಳಗ್ಗೆ 8.30ರ ಚಹಾ ಹೊತ್ತಿನಲ್ಲಿ ನಾನೇ ಬಂದು ಓದಿ ಹೇಳುತ್ತೇನೆ, ಕನ್ನಡದಲ್ಲೂ ಹಿಂದಿಯಲ್ಲೂ.

ವ್ಯವಸ್ಥಾಪಕರು
ಆಡಳಿತ ವಿಭಾಗ