ಹೈಡ್ರಾಲಿಕ್ ಎಕ್ಸ್‌ಕವೇಟರ್ ಆಪರೇಟರ್ ಕೈಪಿಡಿ: 21 ಟನ್ ಚೈನ್ ಮಷಿನ್, ಹೊಸ ಆಪರೇಟರ್‌ಗಳಿಗೆ

ಅನುವಾದಕನ ಮಾತು

ಈ ಕೈಪಿಡಿಯನ್ನು ಕನ್ನಡಕ್ಕೆ ತರುವಾಗ ನನಗೆ ಜಾಸ್ತಿ ತಲೆನೋವು ಕೊಟ್ಟದ್ದು 'ಮುಂದೆ' ಎನ್ನುವ ಪುಟ್ಟ ಪದ. ಯಾವುದರ ಮುಂದೆ? ಕ್ಯಾಬಿನ್ ಎತ್ತ ಬೇಕಾದರೂ ತಿರುಗುತ್ತದೆ, ಕೆಳಗಿನ ಚೈನ್ ಮಾತ್ರ ಇದ್ದ ಕಡೆಗೇ ಮುಖ ಮಾಡಿಕೊಂಡಿರುತ್ತದೆ. ಹಾಗಾಗಿ ಈ ಪುಸ್ತಕದಲ್ಲಿ ಎರಡು ಮಾತು ಬಳಸಿದ್ದೇನೆ. ಕೈ ಲಿವರ್ ವಿಷಯದಲ್ಲಿ 'ಮುಂದಕ್ಕೆ ತಳ್ಳಿ' ಎಂದರೆ ನಿಮ್ಮ ಎದೆಯಿಂದ ದೂರಕ್ಕೆ. ಮಷಿನ್ ಓಡಿಸುವ ವಿಷಯದಲ್ಲಿ 'ಚೈನಿನ ಮುಂಭಾಗ' ಎಂದರೆ ಐಡ್ಲರ್, ಅಂದರೆ ಮೋಟರ್ ಇಲ್ಲದೆ ಸುಮ್ಮನೆ ಉರುಳುವ ಚಕ್ರ, ಇರುವ ಕಡೆ. ಹಲ್ಲಿನ ಸ್ಪ್ರಾಕೆಟ್ ಮತ್ತು ಟ್ರಾವೆಲ್ ಮೋಟರ್ ಇರುವುದು ಹಿಂಭಾಗ.

ಬೂಮ್, ಆರ್ಮ್, ಬಕೆಟ್, ಸ್ವಿಂಗ್, ಲಿವರ್ ಪದಗಳನ್ನು ಹಾಗೇ ಉಳಿಸಿದ್ದೇನೆ. ಬೂಮ್ ಎಂದರೆ ಕ್ಯಾಬಿನ್ ಪಕ್ಕದಿಂದ ಏಳುವ ದೊಡ್ಡ ತೋಳು, ಆರ್ಮ್ ಎಂದರೆ ಅದರ ತುದಿಗೆ ಸೇರಿ ಬಕೆಟ್ ಹಿಡಿದಿರುವ ತೋಳು, ಸ್ವಿಂಗ್ ಎಂದರೆ ಮೇಲಿನ ಭಾಗ ತಿರುಗುವುದು. ಸೈಟಿನಲ್ಲಿ ಯಾರೂ ಬೂಮಿಗೆ ಬೇರೆ ಹೆಸರು ಹೇಳುವುದಿಲ್ಲ. ಕೆಲವರು ಆರ್ಮನ್ನು ಸ್ಟಿಕ್ ಎನ್ನುತ್ತಾರೆ, ಎರಡೂ ಒಂದೇ.

1. ಹತ್ತುವ ಮೊದಲು

ಮಷಿನ್ ಸುತ್ತ ಒಂದು ಸುತ್ತು ನಡೆಯಿರಿ. ಎಂಜಿನ್ ಆಯಿಲ್, ಕೂಲಂಟ್, ಹೈಡ್ರಾಲಿಕ್ ಆಯಿಲ್ ಮಟ್ಟ ನೋಡಿ. ಚೈನ್ ಸಡಿಲವಾಗಿದೆಯೇ, ಬಕೆಟ್ ಹಲ್ಲಿನ ಪಿನ್ ಇದೆಯೇ, ಹೋಸ್ ಎಲ್ಲಾದರೂ ಒದ್ದೆಯಾಗಿದೆಯೇ ನೋಡಿ. ಹಿಂಬದಿಯ ತೂಕದ ಗುಂಡು, ಅಂದರೆ ಕೌಂಟರ್‌ವೇಟ್, ತಿರುಗುವ ಜಾಗದಲ್ಲಿ ಯಾರೂ ಕುಳಿತಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಹೋಸ್ ಸೋರುತ್ತಿದೆ ಎಂದು ಅನುಮಾನ ಬಂದರೆ ಕೈಯಿಂದ ಮುಟ್ಟಿ ನೋಡಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಒಂದು ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ಚರ್ಮದೊಳಗೆ ಹೋದರೆ ನೋವು ಕಡಿಮೆ ಇದ್ದರೂ, ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ. ಆಯಿಲ್ ಒಳಹೊಕ್ಕಿದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಗಂಟೆಗಳು ಕಳೆದರೆ ಬೆರಳು ಉಳಿಸುವುದೂ ಕಷ್ಟವಾಗಬಹುದು.

ಹತ್ತುವಾಗ, ಇಳಿಯುವಾಗ ಮಷಿನ್ ಕಡೆ ಮುಖ ಮಾಡಿ. ಎರಡು ಕೈ ಒಂದು ಕಾಲು, ಇಲ್ಲವೇ ಎರಡು ಕಾಲು ಒಂದು ಕೈ ಯಾವಾಗಲೂ ಹಿಡಿತದಲ್ಲಿರಲಿ. ಲಿವರ್ ಹಿಡಿದು ಹತ್ತಬೇಡಿ. ಕುಳಿತ ಕೂಡಲೇ ಸೀಟ್ ಬೆಲ್ಟ್ ಹಾಕಿ.

2. ಲಾಕ್ ಲಿವರ್ ಮತ್ತು ಸ್ಟಾರ್ಟ್

ಎಡ ಕನ್ಸೋಲಿನ ಪಕ್ಕ ಇರುವ ಕೆಂಪು ಹಿಡಿಯ ಲಿವರ್ ಲಾಕ್ ಲಿವರ್. ಅದು ಲಾಕ್ ಸ್ಥಿತಿಯಲ್ಲಿದ್ದರೆ ಕೈ ಲಿವರ್ ಅಲುಗಾಡಿಸಿದರೂ ಬೂಮ್ ಏಳುವುದಿಲ್ಲ. ಸೀಟಿನಿಂದ ಏಳುವ ಮೊದಲು, ನೀರು ಕುಡಿಯಲು ಬಗ್ಗಿದರೂ ಸರಿ, ಅದನ್ನು ಲಾಕ್ ಮಾಡಿ. ಜಾಕೆಟ್ ತೋಳು ಲಿವರಿಗೆ ಸಿಕ್ಕಿ ಬೂಮ್ ತಿರುಗಿ ಪಕ್ಕದವರಿಗೆ ಬಡಿಯುವುದು ಸಾಧ್ಯವಿಲ್ಲದ ಮಾತೇನಲ್ಲ.

ಸ್ಟಾರ್ಟ್ ಮಾಡಿ, 5 ನಿಮಿಷ ಕಡಿಮೆ ವೇಗದಲ್ಲಿ ಬಿಡಿ. ಆಮೇಲೆ ಬೂಮ್, ಆರ್ಮ್, ಬಕೆಟ್ ಒಂದೊಂದಾಗಿ ನಿಧಾನವಾಗಿ ಆಡಿಸಿ. ಆಯಿಲ್ ತಣ್ಣಗಿದ್ದಾಗ ಲಿವರ್ ತಳ್ಳಿದ ತಕ್ಷಣ ಮಷಿನ್ ಪ್ರತಿಕ್ರಿಯೆ ಕೊಡುವುದಿಲ್ಲ, ಒಮ್ಮೆಗೇ ಜಿಗಿಯುತ್ತದೆ. ಬೆಳಿಗ್ಗೆ ಬಂದ ಕೂಡಲೇ ಕೆಲಸ ಶುರು ಮಾಡುವ ಅಭ್ಯಾಸ ಬೇಡ.

3. ಕೈ ಲಿವರ್‌ಗಳು

ಈ ಮಷಿನ್ ಐಎಸ್‌ಒ ಮಾದರಿಯದು. ಎಡಗೈಯಲ್ಲಿ ಸ್ವಿಂಗ್ ಮತ್ತು ಆರ್ಮ್, ಬಲಗೈಯಲ್ಲಿ ಬೂಮ್ ಮತ್ತು ಬಕೆಟ್.

ಎಡ ಲಿವರ್:
ಮುಂದಕ್ಕೆ: ಆರ್ಮ್ ಹೊರಕ್ಕೆ ಚಾಚುತ್ತದೆ.
ಹಿಂದಕ್ಕೆ: ಆರ್ಮ್ ನಿಮ್ಮ ಕಡೆ ಬರುತ್ತದೆ.
ಎಡಕ್ಕೆ: ಕ್ಯಾಬಿನ್ ಎಡಕ್ಕೆ ತಿರುಗುತ್ತದೆ.
ಬಲಕ್ಕೆ: ಬಲಕ್ಕೆ ತಿರುಗುತ್ತದೆ.

ಬಲ ಲಿವರ್:
ಮುಂದಕ್ಕೆ: ಬೂಮ್ ಇಳಿಯುತ್ತದೆ.
ಹಿಂದಕ್ಕೆ: ಬೂಮ್ ಏಳುತ್ತದೆ.
ಎಡಕ್ಕೆ: ಬಕೆಟ್ ಒಳಕ್ಕೆ ಮಡಚಿ ಮಣ್ಣು ತುಂಬಿಕೊಳ್ಳುತ್ತದೆ.
ಬಲಕ್ಕೆ: ಬಕೆಟ್ ತೆರೆದು ಮಣ್ಣು ಸುರಿಯುತ್ತದೆ.

ಮಧ್ಯಕ್ಕೆ ಬಿಟ್ಟರೆ ಎಲ್ಲ ನಿಲ್ಲುತ್ತದೆ. ಆದರೆ ಸ್ವಿಂಗ್ ಒಮ್ಮೆಗೇ ನಿಲ್ಲುವುದಿಲ್ಲ, ತೂಕದ ಓಟಕ್ಕೆ ಸ್ವಲ್ಪ ಮುಂದೆ ಹೋಗುತ್ತದೆ. ನಿಲ್ಲಬೇಕಾದ ಜಾಗಕ್ಕೆ ಮೊದಲೇ ಲಿವರ್ ಸಡಿಲಿಸಿ. ಬಕೆಟ್ ತುಂಬಿದ್ದರೆ ಇನ್ನೂ ಮೊದಲೇ.

ಇನ್ನೊಂದು ಮಾದರಿ ಇದೆ, ಎಸ್‌ಎಇ ಎನ್ನುತ್ತಾರೆ. ಅದರಲ್ಲಿ ಬೂಮ್ ಎಡಗೈಗೆ, ಆರ್ಮ್ ಬಲಗೈಗೆ ಬರುತ್ತದೆ. ಸ್ವಿಂಗ್ ಮತ್ತು ಬಕೆಟ್ ಬದಲಾಗುವುದಿಲ್ಲ. ಕೆಲವು ಮಷಿನ್‌ಗಳಲ್ಲಿ ಒಂದು ವಾಲ್ವ್ ತಿರುಗಿಸಿದರೆ ಮಾದರಿಯೇ ಬದಲಾಗುತ್ತದೆ. ಕೆಲಸ ಕಲಿಯುವಾಗ ನಾನು ಇದರಲ್ಲಿ ಎಡವಿದ್ದೇನೆ. ಆರ್ಮ್ ಚಾಚಲು ಎಡ ಲಿವರ್ ಮುಂದಕ್ಕೆ ತಳ್ಳಿದೆ. ಬೂಮ್ ದಡಕ್ಕನೆ ಕೆಳಗೆ ಬಂತು. ಕೆಳಗೆ ಹೆಲ್ಪರ್ ಇರಲಿಲ್ಲ, ಅಷ್ಟೇ ನನ್ನ ಪುಣ್ಯ. ಅಂದಿನಿಂದ ಹೊಸ ಮಷಿನ್ ಹತ್ತಿದಾಗ ಎಂಜಿನ್ ಕಡಿಮೆ ವೇಗದಲ್ಲಿಟ್ಟು, ಖಾಲಿ ಜಾಗದಲ್ಲಿ ಒಂದೊಂದು ಲಿವರ್ ಬೆರಳಷ್ಟು ತಳ್ಳಿ ನೋಡುತ್ತೇನೆ. ನೀವೂ ಹಾಗೇ ಮಾಡಿ. ಕ್ಯಾಬಿನಿನ ಸ್ಟಿಕ್ಕರ್ ಈ ಪುಸ್ತಕಕ್ಕೆ ಬೇರೆ ಹೇಳಿದರೆ ಸ್ಟಿಕ್ಕರನ್ನೇ ನಂಬಿ, ಮೊದಲು ಪರೀಕ್ಷೆ ಮಾಡಿ.

4. ಓಡಿಸುವ ಲಿವರ್‌ಗಳು

ಎದುರಿಗೆ ಎರಡು ಲಿವರ್, ಅವಕ್ಕೆ ಅಂಟಿಕೊಂಡ ಎರಡು ಪೆಡಲ್. ಒಂದೊಂದು ಒಂದೊಂದು ಚೈನಿಗೆ. ಎರಡನ್ನೂ ಮುಂದಕ್ಕೆ ತಳ್ಳಿದರೆ ಮಷಿನ್ ಚೈನಿನ ಮುಂಭಾಗದ ಕಡೆಗೆ ಹೋಗುತ್ತದೆ. ಎಡದ್ದನ್ನು ಮಾತ್ರ ತಳ್ಳಿದರೆ ಬಲಕ್ಕೆ ತಿರುಗುತ್ತದೆ. ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಮಾಡಿದರೆ ನಿಂತಲ್ಲೇ ತಿರುಗುತ್ತದೆ.

ಈಗ ಮುಖ್ಯವಾದ ಮಾತು. ಕ್ಯಾಬಿನ್ ಅರ್ಧ ಸುತ್ತು ತಿರುಗಿ ನಿಮ್ಮ ಮುಖ ಸ್ಪ್ರಾಕೆಟ್ ಕಡೆಗಿದ್ದರೆ ಎಲ್ಲವೂ ಉಲ್ಟಾ. ಮುಂದಕ್ಕೆ ತಳ್ಳಿದರೆ ಮಷಿನ್ ನಿಮ್ಮ ಬೆನ್ನಿನ ಕಡೆಗೆ ಹೋಗುತ್ತದೆ. ಎಡ ಲಿವರ್ ಓಡಿಸುವ ಚೈನ್ ಈಗ ನಿಮ್ಮ ಬಲಕ್ಕಿರುತ್ತದೆ. ಅಂಚಿನ ಪಕ್ಕ ನಿಂತು ಇದನ್ನು ಮರೆತರೆ ಮಷಿನ್ ಹಳ್ಳಕ್ಕೇ ಹೋಗುತ್ತದೆ, ಅಲ್ವಾ? ಆದ್ದರಿಂದ ಪ್ರತಿ ಸಲ ಓಡಿಸುವ ಮೊದಲು ಕಿಟಕಿಯಿಂದ ಬಗ್ಗಿ ಸ್ಪ್ರಾಕೆಟ್ ಎಲ್ಲಿದೆ ಎಂದು ನೋಡಿ. ಹಾರ್ನ್ ಹೊಡೆಯಿರಿ. ಆಮೇಲೆ ಲಿವರ್ ಮುಟ್ಟಿ.

ಮಾನಿಟರಿನಲ್ಲಿ ಆಮೆ ಚಿತ್ರವಿದ್ದರೆ ನಿಧಾನ ವೇಗ, ಮೊಲವಿದ್ದರೆ ಜಾಸ್ತಿ ವೇಗ. ಇಳಿಜಾರಿನಲ್ಲಿ, ಲಾರಿಗೆ ಹತ್ತಿಸುವಾಗ, ಅಂಚಿನ ಹತ್ತಿರ ಯಾವಾಗಲೂ ಆಮೆ.

5. ಇಳಿಜಾರಿನಲ್ಲಿ ಕೆಲಸದ ಮಿತಿ

ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. ಡಿಗ್ರಿ ಬೇರೆ, ಶೇಕಡಾ ಬೇರೆ. ಮೂಲ ಕೈಪಿಡಿಯ ಅಂಕಿಅಂಶ ಪುಟದಲ್ಲಿ 'ಏರುವ ಸಾಮರ್ಥ್ಯ 70%' ಎಂದಿದೆ. ಇದನ್ನು 70 ಡಿಗ್ರಿ ಎಂದು ಓದಿದರೆ ಗೋಡೆ ಹತ್ತಿದಂತಾಗುತ್ತದೆ. 70% ಎಂದರೆ ಸುಮಾರು 35 ಡಿಗ್ರಿ. 100% ಎಂದರೆ 45 ಡಿಗ್ರಿ. ಅದೂ ಎಂಜಿನಿನ ಶಕ್ತಿ ಎಷ್ಟು ಎಂದು ತೋರಿಸುವ ಅಂಕಿ. ಅಷ್ಟು ಕಡಿದಾದಲ್ಲಿ ಕೆಲಸ ಮಾಡಬಹುದು ಎಂದು ಅದರ ಅರ್ಥವಲ್ಲ.

ಈ ಮಷಿನಿಗೆ ಗಟ್ಟಿ, ಒಣ ನೆಲದಲ್ಲಿ, ಬಕೆಟ್ ಖಾಲಿ ಇದ್ದಾಗ ನೇರವಾಗಿ ಏರಲು ಇಳಿಯಲು ಮಿತಿ 30 ಡಿಗ್ರಿ. ನಿಂತು ಅಗೆಯುತ್ತಾ ಸ್ವಿಂಗ್ ಮಾಡಲು ಮಿತಿ 10 ಡಿಗ್ರಿ. ಚೈನನ್ನು ಇಳಿಜಾರಿಗೆ ಅಡ್ಡವಾಗಿ ಓಡಿಸುವುದಕ್ಕೆ ಅನುಮತಿಯಿಲ್ಲ. ಒದ್ದೆ ಮಣ್ಣು, ಜಲ್ಲಿ, ಉರುಳುಕಲ್ಲು, ಕಬ್ಬಿಣದ ತಟ್ಟೆ ಇದ್ದರೆ ಈ ಮಿತಿಗಳು ಲೆಕ್ಕಕ್ಕಿಲ್ಲ. ಅಲ್ಲಿ ಮೇಲ್ವಿಚಾರಕರನ್ನು ಕೇಳದೆ ಹೋಗಬೇಡಿ.

ಅಳತೆ ಉಪಕರಣ ಇಲ್ಲದಿದ್ದರೆ 1 ಮೀಟರ್ ಉದ್ದದ ಹಲಗೆ ಮತ್ತು ರಸಮಟ್ಟ ಸಾಕು. ಹಲಗೆಯ ಒಂದು ತುದಿಯನ್ನು ನೆಲಕ್ಕಿಟ್ಟು ಸಮ ಮಾಡಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಎಂದು ಅಳೆಯಿರಿ. 9 ಸೆಂಟಿಮೀಟರ್ ಬಂದರೆ 5 ಡಿಗ್ರಿ, 18 ಬಂದರೆ 10, 27 ಬಂದರೆ 15, 36 ಬಂದರೆ 20, 58 ಬಂದರೆ 30 ಡಿಗ್ರಿ. ಕಣ್ಣಳತೆ ಬೇಡ. ಕ್ಯಾಬಿನ್ ಒಳಗೆ ಕುಳಿತರೆ ಇಳಿಜಾರು ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು.

ಏರುವಾಗ ಕ್ಯಾಬಿನ್ ಮೇಲ್ಮುಖವಾಗಿರಲಿ, ಬಕೆಟ್ ಎದುರಿಗೆ ನೆಲದಿಂದ 20 ರಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ಜಾರಿದರೆ ಬಕೆಟ್ ಊರಿ ನಿಲ್ಲಿಸಬಹುದು. ಇಳಿಯುವಾಗ ಕ್ಯಾಬಿನ್ ಕೆಳಮುಖ, ಬಕೆಟ್ ಅಷ್ಟೇ ಎತ್ತರದಲ್ಲಿ ಎದುರಿಗೆ. ಹೀಗೆ ತಿರುಗುವುದನ್ನು ಏರು ಶುರುವಾಗುವ ಮೊದಲು, ಸಮ ಜಾಗದಲ್ಲೇ ಮುಗಿಸಿ. ಅರ್ಧದಲ್ಲಿ ದಿಕ್ಕು ಬದಲಿಸಬೇಕು ಎನಿಸಿದರೆ ಬದಲಿಸಬೇಡಿ. ಬಂದ ದಾರಿಯಲ್ಲೇ ಸಮ ಜಾಗಕ್ಕೆ ವಾಪಸ್ ಬಂದು, ಅಲ್ಲಿ ತಿರುಗಿಸಿ.

ಅಡ್ಡ ಹೋಗಬಾರದೇಕೆ? ನಮ್ಮ ಮಷಿನಿನ ಚೈನ್ ಉದ್ದ ಜಾಸ್ತಿ, ಎರಡು ಚೈನಿನ ನಡುವಿನ ಅಂತರ ಕಡಿಮೆ. ಉದ್ದಕ್ಕೆ ಮಷಿನ್ ಗಟ್ಟಿಯಾಗಿ ನಿಲ್ಲುತ್ತದೆ, ಅಡ್ಡಕ್ಕೆ ಬೇಗ ಮಗುಚುತ್ತದೆ. ಹೀಗಾಗಿಯೇ ಬೂಮನ್ನು ಪಕ್ಕಕ್ಕೆ ತಿರುಗಿಸಿದಾಗ ಎತ್ತುವ ಸಾಮರ್ಥ್ಯವೂ ಕಡಿಮೆ. ಭಾರ ಎತ್ತುವ ಪಟ್ಟಿಯಲ್ಲಿರುವ ಅಂಕಿಗಳೆಲ್ಲ ಸಮ, ಗಟ್ಟಿ ನೆಲಕ್ಕೆ ಮಾತ್ರ. ಇಳಿಜಾರಿನಲ್ಲಿ ಆ ಪಟ್ಟಿ ನೋಡಿ ಭಾರ ಎತ್ತಬೇಡಿ.

ಸ್ವಿಂಗ್‌ನಲ್ಲಿ ಇನ್ನೂ ಅಪಾಯವಿದೆ. ಮಣ್ಣು ತುಂಬಿದ ಬಕೆಟ್ ಇಳಿಜಾರಿನ ಕೆಳಭಾಗಕ್ಕೆ ತಿರುಗಿದರೆ ತೂಕವೆಲ್ಲ ಕೆಳ ಅಂಚಿಗೆ ಬೀಳುತ್ತದೆ. ತಿರುಗುವ ವೇಗವೂ ಸೇರುತ್ತದೆ. ಅದಕ್ಕೇ ಮಣ್ಣನ್ನು ಮೇಲಿನ ಕಡೆ ಸುರಿಯಿರಿ. ಕೆಳಗೆ ಸುರಿಯಲೇಬೇಕಾದರೆ ಮೊದಲು ನಿಮಗೊಂದು ಸಮ ಕಟ್ಟೆ ಮಾಡಿಕೊಳ್ಳಿ. ಮಣ್ಣು ಕಡಿದು, ತುಂಬಿ, ಬಕೆಟ್‌ನಿಂದ ಒತ್ತಿ, ಮಷಿನ್ ಸಮವಾಗಿ ನಿಲ್ಲುವಂತೆ ಮಾಡಿ. ಅರ್ಧ ಗಂಟೆ ಹೋಗುತ್ತದೆ, ಹೋಗಲಿ. 5 ಡಿಗ್ರಿಗಿಂತ ಜಾಸ್ತಿ ಇದ್ದರೆ ಇದನ್ನು ಕಡ್ಡಾಯ ಎಂದೇ ತಿಳಿಯಿರಿ. ಮೂಲದಲ್ಲಿ 'ಶಿಫಾರಸು' ಎಂದಷ್ಟೇ ಇದೆ. 'ಕಡ್ಡಾಯ' ಎಂದು ಮಾಡಿದ್ದು ನಮ್ಮ ತರಬೇತಿಯ ನಿಯಮ, ನನಗೂ ಅದೇ ಸರಿ ಎನಿಸಿದೆ.

ಅಂಚಿನ ಹತ್ತಿರ ಅಗೆಯುವಾಗ ಚೈನಿನ ಮುಂಭಾಗ ನೇರವಾಗಿ ಅಂಚಿನ ಕಡೆಗಿರಲಿ, ಸ್ಪ್ರಾಕೆಟ್ ಹಿಂದಿರಲಿ. ಮಣ್ಣು ಕುಸಿದರೆ ತಿರುಗಿಸದೆ ಹಿಂದಕ್ಕೆ ಓಡಬಹುದು. ನೀವು ನಿಂತ ನೆಲದ ಅಡಿಯನ್ನೇ ಕೊರೆಯಬೇಡಿ.

6. ಇಳಿಜಾರಿನಲ್ಲಿ ಎಂಜಿನ್ ನಿಂತರೆ

ಓಡಿಸುವ ಲಿವರ್‌ಗಳನ್ನು ಮಧ್ಯಕ್ಕೆ ಬಿಡಿ, ಬ್ರೇಕ್ ತಾನಾಗಿ ಹಿಡಿಯುತ್ತದೆ. ಬಕೆಟ್ ನೆಲಕ್ಕೆ ಊರಿ. ಸ್ವಿಂಗ್ ಲಿವರ್ ಮುಟ್ಟಬೇಡಿ, ಮೇಲಿನ ಭಾಗ ತನ್ನ ತೂಕಕ್ಕೇ ತಿರುಗಬಹುದು. ಲಾಕ್ ಲಿವರ್ ಹಾಕಿ, ಆಮೇಲೆ ಮತ್ತೆ ಸ್ಟಾರ್ಟ್ ಮಾಡಿ.

ಮಷಿನ್ ಮಗುಚುತ್ತಿದೆ ಎನಿಸಿದರೆ ಹೊರಕ್ಕೆ ಹಾರಬೇಡಿ. ಹಾರಿದವರ ಮೇಲೆ ಕ್ಯಾಬಿನ್ನೇ ಬೀಳಬಹುದು. ಬೆಲ್ಟ್ ಬಿಚ್ಚದೆ, ಸೀಟನ್ನು ಗಟ್ಟಿಯಾಗಿ ಹಿಡಿದು ಒಳಗೇ ಇರಿ.

7. ನಿಲ್ಲಿಸುವಾಗ

ಸಮ, ಗಟ್ಟಿ ನೆಲ ಹುಡುಕಿ. ಬಕೆಟ್ ಪೂರ್ತಿ ನೆಲಕ್ಕಿಳಿಸಿ. 5 ನಿಮಿಷ ಎಂಜಿನನ್ನು ಕಡಿಮೆ ವೇಗದಲ್ಲಿ ಬಿಟ್ಟು ಆಫ್ ಮಾಡಿ, ಬಿಸಿಯಾದ ಟರ್ಬೊ ತಣಿಯಲಿ. ಆಫ್ ಆದ ಮೇಲೆ ಕೀಯನ್ನು ಆನ್‌ನಲ್ಲಿಟ್ಟು ಲಿವರ್‌ಗಳನ್ನು ಎಲ್ಲ ದಿಕ್ಕಿಗೂ ಎರಡು ಮೂರು ಸಲ ಆಡಿಸಿ, ಲೈನಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ. ಲಾಕ್ ಲಿವರ್ ಹಾಕಿ, ಕೀ ತೆಗೆದುಕೊಳ್ಳಿ.

ಬೇರೆ ದಾರಿಯಿಲ್ಲದೆ ಇಳಿಜಾರಿನಲ್ಲೇ ನಿಲ್ಲಿಸಬೇಕಾದರೆ ಬಕೆಟ್ ಹಲ್ಲನ್ನು ನೆಲಕ್ಕೆ ಊರಿ, ಚೈನಿನ ಕೆಳಬದಿಗೆ ಎರಡೂ ಕಡೆ ಮರದ ದಿಮ್ಮಿ ಕೊಡಿ. ರಾತ್ರಿಯಿಡೀ ಹಾಗೆ ಬಿಡುವುದಾದರೆ ಮೇಲ್ವಿಚಾರಕರಿಗೆ ತಿಳಿಸಿಯೇ ಹೋಗಿ.