ತಮ್ಮಂಗೊಂದು ಕಾಗ್ದ

ಪುಟ್ಟಾ,

ಫೋನ್ ಎತ್ತಲ್ಲ ಅಂತ ಬೈಯೋಕೆ ಬರೀತಿಲ್ಲ ಕಣೋ. ಅಮ್ಮ ಹೇಳಿದ್ಲು ನೀನು ಊಟಕ್ಕೂ ಮಹಡಿಯಿಂದ ಇಳಿಯಲ್ಲ, ನೆಂಟ್ರು ಬಂದ್ರೆ ತೋಟದ ಕಡೆ ಹೋಗ್ಬಿಡ್ತೀಯ ಅಂತ, ನಂಗರ್ಥ ಆಗತ್ತೆ, ತೀರ್ಥಹಳ್ಳಿ ಪೇಟೇಲಿ ಸಿಕ್ಕೋರೆಲ್ಲ "ಈಗೆಲ್ಲಿ ಕೆಲ್ಸ" ಅಂತ್ಲೇ ಶುರು ಮಾಡ್ತಾರೆ (ಅವ್ರಿಗೆ ಬೇರೆ ಕಸುಬಿಲ್ಲ). ಕಂಪ್ನಿ ಅಷ್ಟು ಜನಾನ ತೆಗೆದಿದ್ದು ನಿನ್ನ ತಪ್ಪಲ್ಲ. ಅಡಿಕೆ ಸುಲಿಯೋವಾಗ ಎಲ್ರೆದುರು ಕೆಲ್ಸದ ಮಾತೆತ್ಬೇಡಿ ಅಂತ ಅಪ್ಪಂಗೆ ಹೇಳಿದೀನಿ.

ಶಿವಮೊಗ್ಗಕ್ಕೆ ಬಾ, ವಾರನೋ ತಿಂಗ್ಳೋ ಇರು, ನಿಮ್ ಭಾವನೂ ಅದನ್ನೇ ಹೇಳ್ತಿದಾರೆ, ಇಲ್ಲಿ ಯಾರೂ ರೆಸ್ಯೂಮೆ ಕೇಳಲ್ಲ. ನಿದ್ದೆ ಬರ್ತಿಲ್ಲ, ಏನೂ ಬೇಡ ಅನ್ಸತ್ತೆ ಅಂದ್ರೆ ಹೇಳು, ಡಾಕ್ಟ್ರ ಹತ್ರ ಜೊತೆಗೆ ಹೋಗೋಣ. ನಮ್ಹತ್ರ ಹೇಳ್ಕೊಳ್ಳೋಕೆ ಕಷ್ಟ ಆದ್ರೆ ಮನಸ್ಸಿನ ಕಷ್ಟಕ್ಕೆ ಅಂತ್ಲೇ ಸರ್ಕಾರದ ಸಹಾಯವಾಣಿ ಇದೆ, ಟೆಲಿ ಮಾನಸ್ 14416, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಭಾನುವಾರ ಸಂಜೆ ಫೋನ್ ಮಾಡ್ತೀನಿ, ನೀನು ಎತ್ತದಿದ್ರೆ ಮುಂದಿನ ಭಾನುವಾರನೂ ಮಾಡ್ತೀನಿ.

ನಿನ್ನಕ್ಕ